ಮಳೆಗಾಲದಲ್ಲಿ ಟವೆಲ್ ಒಣಗುವುದು ಹೇಗೆ: ನೂರು ಗ್ರಾಂ ನೀರಿನ ಲೆಕ್ಕ

ಬೆಳಿಗ್ಗೆ ಎಂಟಕ್ಕೆ ಮೈ ಒರೆಸಿ ಬಾತ್‌ರೂಮಿನ ಸರಳಿಗೆ ಹಾಕಿದ ಟವೆಲನ್ನು ಸಂಜೆ ಆರಕ್ಕೆ ಮುಟ್ಟಿ ನೋಡಿ. ಹೊರಮೈ ಒಣಗಿದಂತೆಯೇ ಇರುತ್ತದೆ. ಸರಳಿನ ಮೇಲೆ ಮಡಚಿಕೊಂಡ ಜಾಗಕ್ಕೆ ಎರಡು ಬೆರಳು ತೂರಿಸಿದರೆ ಮಾತ್ರ ಒಳಗೆ ತಣ್ಣಗಿರುತ್ತದೆ. ಕೆಳಗಿನ ದಪ್ಪ ಅಂಚನ್ನು ಹಿಂಡಿದರೆ ನೀರು ಬರುವುದಿಲ್ಲ, ಆದರೆ ಕೈಗೆ ಚಂಡಿ ಹತ್ತುತ್ತದೆ. ಮುಗ್ಗಲು ವಾಸನೆ ಶುರುವಾಗುವುದು ಈ ಎರಡು ಜಾಗಗಳಿಂದಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರು, ಉಡುಪಿಯ ಬಹುಪಾಲು ಮನೆಗಳಲ್ಲಿ ಇದೇ ಕಥೆ. ಟವೆಲ್ ಬದಲಿಸಿ, ಸಾಬೂನು ಬದಲಿಸಿ, ದುಬಾರಿ ರ‍್ಯಾಕ್ ತಂದು ಹಾಕಿದರೂ ಮೂರನೇ ದಿನಕ್ಕೆ ವಾಸನೆ ಮತ್ತೆ ಹಾಜರಾಗುತ್ತದೆ.

ವಾಸನೆ ನೀರಿನದ್ದಲ್ಲ, ಕೊಳೆಯದ್ದೂ ಅಲ್ಲ. ನಮ್ಮ ಚರ್ಮದ ಜಿಡ್ಡು ಮತ್ತು ಉದುರಿದ ಚರ್ಮದ ಕಣಗಳು ಟವೆಲಿನ ನೂಲಿನ ಕುಣಿಕೆಗಳಲ್ಲಿ ಸಿಕ್ಕಿಕೊಳ್ಳುತ್ತವೆ. ತೇವ ಉಳಿದಷ್ಟು ಹೊತ್ತು ಬ್ಯಾಕ್ಟೀರಿಯಾಗಳು ಅದನ್ನು ತಿಂದು ಬೆಳೆಯುತ್ತವೆ. ಒಗೆದ ಬಟ್ಟೆಯ ಮುಗ್ಗಲು ವಾಸನೆಗೆ ಮುಖ್ಯ ಕಾರಣ ಮೊರಾಕ್ಸೆಲ್ಲಾ ಓಸ್ಲೋಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಎಂದು ಜಪಾನಿನ ಸಂಶೋಧಕರು 2012ರಲ್ಲಿ ತೋರಿಸಿದರು. ಅದು ಒಣಗಿದರೂ ಸುಲಭಕ್ಕೆ ಸಾಯುವುದಿಲ್ಲ, ಮತ್ತೆ ನೀರು ತಾಗಿದ ಕೂಡಲೇ ಕೆಲಸ ಶುರು ಮಾಡುತ್ತದೆ. ಒಣಗಿದ್ದಾಗ ವಾಸನೆಯೇ ಇಲ್ಲದ ಟವೆಲ್ ಮುಖ ಒರೆಸಿದ ಮರುಕ್ಷಣ ನಾರುವುದು ಇದಕ್ಕೇ. ಬಳಸಿದ ಐದಾರು ಗಂಟೆಯೊಳಗೆ ಟವೆಲ್ ಪೂರ್ತಿ ಒಣಗಿದರೆ ಅದಕ್ಕೆ ಬೆಳೆಯಲು ಹೆಚ್ಚು ಹೊತ್ತು ಸಿಗುವುದಿಲ್ಲ. ಇಡೀ ದಿನ ಅರೆಚಂಡಿಯಾಗಿ ನೇತಾಡಿದರೆ ಬೇಕಾದಷ್ಟು ಸಿಗುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಟವೆಲಿನಲ್ಲಿರುವ ನೀರು ಎಲ್ಲಿಗೆ ಹೋಗಬೇಕು?

ಒಂದು ಬಾತ್‌ರೂಮಿನ ಲೆಕ್ಕ

ಫ್ಲ್ಯಾಟಿನ ಸಾಮಾನ್ಯ ಬಾತ್‌ರೂಮ್ ತೆಗೆದುಕೊಳ್ಳೋಣ. ಅಗಲ ಐದು ಅಡಿ, ಉದ್ದ ಏಳು ಅಡಿ, ಎತ್ತರ ಎಂಟು ಅಡಿ. ಒಳಗಿರುವ ಗಾಳಿ ಸುಮಾರು 8 ಘನ ಮೀಟರ್. ಜುಲೈ ತಿಂಗಳು, ಉಷ್ಣತೆ 27 ಡಿಗ್ರಿ, ಗಾಳಿಯ ತೇವ ಶೇ. 90. ಈ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 26 ಗ್ರಾಂನಷ್ಟು ನೀರಿನ ಆವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಅದರಲ್ಲಿ 23 ಗ್ರಾಂಗಿಂತ ಹೆಚ್ಚು ಆಗಲೇ ತುಂಬಿದೆ. ಉಳಿದ ಜಾಗ ಎರಡೂವರೆ ಗ್ರಾಂ ಚಿಲ್ಲರೆ. ಇಡೀ ಬಾತ್‌ರೂಮಿನ ಗಾಳಿ ಸೇರಿದರೂ ಹೀರಬಲ್ಲದ್ದು ಸುಮಾರು 20 ಗ್ರಾಂ, ಅಂದರೆ ನಾಲ್ಕು ಚಹಾ ಚಮಚ ನೀರು. ಅದೂ ಯಾರೂ ಬಿಸಿನೀರು ಸ್ನಾನ ಮಾಡದೆ ಇದ್ದರೆ. ಸ್ನಾನ ಮುಗಿದು ಕನ್ನಡಿ ಮಬ್ಬಾಗಿದ್ದರೆ ಆ ನಾಲ್ಕು ಚಮಚದ ಜಾಗವೂ ಇಲ್ಲವೆಂದೇ ಅರ್ಥ.

ಇನ್ನು ಟವೆಲ್. 70 ಸೆಂ.ಮೀ. ಅಗಲ, 140 ಸೆಂ.ಮೀ. ಉದ್ದದ, 450 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 450 ಗ್ರಾಂ ಬರುವ ಟವೆಲ್ ತೂಗಿದರೆ 440 ಗ್ರಾಂ ಬರುತ್ತದೆ. ತಲೆಗೂದಲೂ ಸೇರಿ ಒಬ್ಬರು ಮೈ ಒರೆಸಿದ ಮೇಲೆ ಅದೇ ಟವೆಲನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡಿ. ಕೂದಲು ಎಷ್ಟು ಉದ್ದ ಎಂಬುದರ ಮೇಲೆ ಹೆಚ್ಚುಕಡಿಮೆ ಆಗುತ್ತದೆ, ಲೆಕ್ಕಕ್ಕೆ ನೂರು ಗ್ರಾಂ ಏರಿತು ಅಂದುಕೊಳ್ಳೋಣ. ನಾಲ್ಕು ಜನರಿದ್ದರೆ ನಾನೂರು ಗ್ರಾಂ. ಇಪ್ಪತ್ತು ಗ್ರಾಂ ಜಾಗವಿರುವ ಕೋಣೆಯೊಳಗೆ ನಾನೂರು ಗ್ರಾಂ ನೀರನ್ನು ನೇತುಹಾಕಿ ಬಾಗಿಲು ಎಳೆದುಕೊಂಡರೆ ಯಾವ ರ‍್ಯಾಕಿನಿಂದಲೂ ಟವೆಲ್ ಒಣಗುವುದಿಲ್ಲ. ರ‍್ಯಾಕ್ ಒಣಗಿಸುವ ಸಾಧನವಲ್ಲ. ಅದು ಬಟ್ಟೆಯನ್ನು ಬಿಡಿಸಿ ಹಿಡಿಯುತ್ತದೆ, ಅಷ್ಟೇ. ಒಣಗಿಸುವುದು ಗಾಳಿ, ಅದೂ ಹೊಸದಾಗಿ ಬರುತ್ತಲೇ ಇರುವ ಗಾಳಿ.

ಇನ್ನೊಂದು ತೊಡಕೂ ಇದೆ. ನೀರು ಆವಿಯಾಗುವಾಗ ಟವೆಲ್ ತಣ್ಣಗಾಗುತ್ತದೆ, ಅದನ್ನು ಸವರಿ ಹೋಗುವ ಗಾಳಿಯೂ ತಣ್ಣಗಾಗುತ್ತದೆ. ಹಾಗಾಗಿ ಎರಡೂವರೆ ಗ್ರಾಂ ಜಾಗವಿದ್ದರೂ ಗಾಳಿ ಒಮ್ಮೆ ಹಾದುಹೋಗುವಾಗ ಒಂದು ಗ್ರಾಂ ಕೂಡ ಎತ್ತಿಕೊಂಡು ಹೋಗುವುದಿಲ್ಲ. ಒಂದೇ ಟವೆಲಿನ ನೂರು ಗ್ರಾಂ ನೀರಿಗೆ ನೂರಾರು ಘನ ಮೀಟರ್ ಗಾಳಿ ಬೇಕು.

ಎಕ್ಸಾಸ್ಟ್ ಫ್ಯಾನ್ ತಿರುಗಿದರೆ ಸಾಲದು

ಮನೆಬಳಕೆಯ ಆರು ಇಂಚಿನ ಎಕ್ಸಾಸ್ಟ್ ಫ್ಯಾನ್ ಗಂಟೆಗೆ 150ರಿಂದ 250 ಘನ ಮೀಟರ್ ಗಾಳಿ ಹೊರಹಾಕಬಲ್ಲದು. ಲೆಕ್ಕದ ಪ್ರಕಾರ ಎಂಟು ಘನ ಮೀಟರಿನ ಕೋಣೆ ಎರಡು ಮೂರು ನಿಮಿಷಕ್ಕೊಮ್ಮೆ ಖಾಲಿಯಾಗಿ ತುಂಬಬೇಕು. ನಿಜಕ್ಕೂ ಹಾಗಾಗುವುದಿಲ್ಲ, ಕಾರಣ ಎರಡು.

ಒಂದನೆಯದು, ಹೊರಹೋದ ಗಾಳಿಯ ಬದಲಿಗೆ ಒಳಬರಲು ದಾರಿ ಬೇಕು. ಪಿವಿಸಿ ಬಾಗಿಲು ಹೊಸ್ತಿಲಿಗೆ ಕೂತು ಮುಚ್ಚಿಕೊಂಡಿದ್ದರೆ ಫ್ಯಾನ್ ಸದ್ದು ಮಾಡುತ್ತದೆ, ಗಾಳಿ ಅಲ್ಲಾಡುವುದಿಲ್ಲ. ಬಾಗಿಲಿನ ಕೆಳಗೆ ಎರಡು ಸೆಂಟಿಮೀಟರ್ ಸಂದು ಬೇಕು, ಇಲ್ಲದಿದ್ದರೆ ಬಾಗಿಲನ್ನು ಒಂದು ಗೇಣು ತೆರೆದಿಡಬೇಕು.

ಎರಡನೆಯ ಕಾರಣವನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ನಮ್ಮ ಫ್ಲ್ಯಾಟುಗಳಲ್ಲಿ ಒಂದೇ ವೆಂಟಿಲೇಟರಿನ ಅರ್ಧ ಭಾಗಕ್ಕೆ ಫ್ಯಾನ್, ಉಳಿದರ್ಧಕ್ಕೆ ಗಾಜಿನ ಲೂವರ್ ಇರುತ್ತದೆ. ಲೂವರ್ ತೆರೆದಿದ್ದರೆ ಫ್ಯಾನ್ ಪಕ್ಕದಲ್ಲೇ ಸಿಗುವ ಹೊರಗಿನ ಗಾಳಿಯನ್ನು ಎಳೆದು ಮತ್ತೆ ಹೊರಗೆ ತಳ್ಳುತ್ತದೆ. ಎದುರು ಗೋಡೆಯಲ್ಲಿ ನೇತಾಡುವ ಟವೆಲಿಗೆ ಗಾಳಿಯ ಸುಳಿವೂ ತಾಗುವುದಿಲ್ಲ. ಆದ್ದರಿಂದ ಫ್ಯಾನ್ ಹಾಕಿದಾಗ ಲೂವರ್ ಮುಚ್ಚಿ, ಬಾಗಿಲ ಸಂದು ತೆರೆದಿಡಿ. ಆಗ ಗಾಳಿ ಬಾಗಿಲಿನಿಂದ ಹೊರಟು ಇಡೀ ಕೋಣೆ ದಾಟಿ ಫ್ಯಾನ್ ಸೇರುತ್ತದೆ. ಪರೀಕ್ಷೆಗೆ ಒಂದು ಊದುಬತ್ತಿ ಸಾಕು. ಹಚ್ಚಿ ಬಾಗಿಲ ಬುಡದಲ್ಲಿ ಹಿಡಿದರೆ ಹೊಗೆ ಒಳಗೆ ಎಳೆದುಕೊಂಡು ಹೋಗಬೇಕು. ಆಮೇಲೆ ಟವೆಲಿನ ಪಕ್ಕದಲ್ಲಿ ಹಿಡಿಯಿರಿ. ಅಲ್ಲಿ ಹೊಗೆ ನೆಟ್ಟಗೆ ಮೇಲೇರಿದರೆ ಆ ಜಾಗದಲ್ಲಿ ಗಾಳಿ ನಿಂತಿದೆ ಎಂದರ್ಥ, ರ‍್ಯಾಕನ್ನು ಅಲ್ಲಿಂದ ಕೀಳಬೇಕು.

ಸ್ನಾನವಾದ ಮೇಲೆ ಅರ್ಧ ಗಂಟೆ ಫ್ಯಾನ್ ಓಡಿಸಿದರೆ ಬಾತ್‌ರೂಮಿನ ಹಬೆ ಹೋಗುತ್ತದೆ. ಒಂದು ಟವೆಲ್ ಒಣಗಲು ಮೂರು ನಾಲ್ಕು ಗಂಟೆಯಾದರೂ ಬೇಕು. ನಾಲ್ಕು ಟವೆಲುಗಳಿದ್ದರೆ ಮಳೆಗಾಲದಲ್ಲಿ ಅದರಿಂದಾಗದ ಕೆಲಸ. ಹೋಲಿಕೆಗೆ ನೋಡಿ: ಮಲಗುವ ಕೋಣೆಯ 1200 ಮಿ.ಮೀ. ಸೀಲಿಂಗ್ ಫ್ಯಾನ್ ಪೂರ್ತಿ ವೇಗದಲ್ಲಿ ನಿಮಿಷಕ್ಕೆ 200 ಘನ ಮೀಟರಿಗಿಂತ ಹೆಚ್ಚು ಗಾಳಿ ಬೀಸುತ್ತದೆ. ಎಕ್ಸಾಸ್ಟ್ ಫ್ಯಾನ್ ಒಂದು ಗಂಟೆಯಲ್ಲಿ ಸಾಗಿಸುವಷ್ಟು ಗಾಳಿಯನ್ನು ಅದು ಒಂದು ನಿಮಿಷದಲ್ಲಿ ಟವೆಲಿನ ಮೇಲೆ ಹಾಯಿಸುತ್ತದೆ. ಅದು ಕೋಣೆಯೊಳಗೇ ಸುತ್ತುವ ಗಾಳಿ ನಿಜ, ಆದರೆ ಕೋಣೆ ಬಾತ್‌ರೂಮಿನ ನಾಲ್ಕು ಪಟ್ಟು ದೊಡ್ಡದು, ಕಿಟಕಿ ತೆರೆದಿದ್ದರೆ ಆವಿ ಹೊರಗೆ ಹೋಗುತ್ತಲೂ ಇರುತ್ತದೆ.

ಹಾಗಾಗಿ ಕರಾವಳಿಯ ಮಳೆಗಾಲಕ್ಕೆ ನೇರವಾಗಿ ಹೇಳಬೇಕಾದ ಮಾತು ಇದು: ಜೂನ್ ಬಂದ ಮೇಲೆ ಟವೆಲ್ ಒಣಗಿಸುವ ಜಾಗ ಬಾತ್‌ರೂಮ್ ಅಲ್ಲ. ರ‍್ಯಾಕಿಗೆ ದುಡ್ಡು ಹಾಕುವುದಿದ್ದರೆ ಫ್ಯಾನ್ ಇರುವ ಕೋಣೆಯಲ್ಲೋ ಮಳೆ ಎರಚದ ಸಿಟೌಟಿನಲ್ಲೋ ಹಾಕಿ. ಬಾತ್‌ರೂಮಿನೊಳಗೆ ಸ್ನಾನದ ಹೊತ್ತಿಗೆ ಟವೆಲ್ ಇಡಲು ಒಂದು ಕೊಕ್ಕೆ ಇದ್ದರೆ ಸಾಕು.

ಮೂರು ಡಿಗ್ರಿ ಬಿಸಿಯ ಬೆಲೆ

ಹಳೆಯ ಮನೆಗಳಲ್ಲಿ ಬಚ್ಚಲ ಒಲೆಯ ಮೇಲ್ಗಡೆ ಬಳ್ಳಿ ಕಟ್ಟಿ, ಆಟಿ ತಿಂಗಳ ಜಡಿಮಳೆಯಲ್ಲೂ ಬಟ್ಟೆ ಒಣಗಿಸುತ್ತಿದ್ದರು. ಹೊಗೆಯ ವಾಸನೆ ಹತ್ತುತ್ತಿತ್ತು, ಮುಗ್ಗಲು ಹತ್ತುತ್ತಿರಲಿಲ್ಲ. ಅದರ ಹಿಂದಿನ ಲೆಕ್ಕ ಸರಳ. 27 ಡಿಗ್ರಿಯ ಅದೇ ಗಾಳಿಯನ್ನು 30 ಡಿಗ್ರಿಗೆ ಬಿಸಿ ಮಾಡಿದರೆ ಅದು ಹಿಡಿಯಬಲ್ಲ ಆವಿ 26ರಿಂದ 30 ಗ್ರಾಂಗೆ ಏರುತ್ತದೆ. ತುಂಬಿರುವುದು ಮೊದಲಿನಷ್ಟೇ, 23 ಗ್ರಾಂ. ಖಾಲಿ ಜಾಗ ಎರಡೂವರೆಯಿಂದ ಏಳು ಗ್ರಾಂ ಆಯಿತು, ಹೆಚ್ಚುಕಡಿಮೆ ಮೂರು ಪಟ್ಟು. ಕೈಗೆ ಗೊತ್ತಾಗದಷ್ಟು ಸಣ್ಣ ಬಿಸಿಯಿಂದ ಒಣಗುವ ವೇಗ ಇಷ್ಟು ಬದಲಾಗುತ್ತದೆ.

ವಿದ್ಯುತ್ತಿನ ಬಿಸಿ ಟವೆಲ್ ರ‍್ಯಾಕ್ ಮಾಡುವುದೂ ಇದನ್ನೇ. ನೂರು ಗ್ರಾಂ ನೀರು ಆವಿಯಾಗಲು ಬೇಕಾದ ಶಕ್ತಿ ಒಂದು ಯೂನಿಟ್ ವಿದ್ಯುತ್ತಿನ ಹದಿನಾಲ್ಕನೇ ಒಂದು ಭಾಗ ಮಾತ್ರ. 100 ವ್ಯಾಟಿನ ರ‍್ಯಾಕ್ ಮುಕ್ಕಾಲು ಗಂಟೆಯಲ್ಲಿ ಇಷ್ಟನ್ನು ಕೊಡುತ್ತದೆ. ಬಿಸಿಯ ಬಹುಪಾಲು ಸುತ್ತಲಿನ ಗಾಳಿಗೆ ಹೋಗುವುದರಿಂದ ಎರಡು ಮೂರು ಗಂಟೆ ಹಿಡಿಯಿರಿ, ಆಗಲೂ ಖರ್ಚು ಯೂನಿಟಿನ ಮೂರನೇ ಒಂದು ಭಾಗ ದಾಟುವುದಿಲ್ಲ. ಆದರೆ ಎರಡು ಷರತ್ತುಗಳಿವೆ. ಸರಳುಗಳಿಗೆ ತಾಗಿದಷ್ಟು ಬಟ್ಟೆ ಮಾತ್ರ ಬಿಸಿಯಾಗುತ್ತದೆ, ಆದ್ದರಿಂದ ಟವೆಲನ್ನು ನಾಲ್ಕು ಮಡಿಕೆ ಮಾಡಿ ಹಾಕಿದರೆ ಪ್ರಯೋಜನವಿಲ್ಲ. ಎರಡನೆಯದು, ಆ ಲೈನಿಗೆ ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಮತ್ತು ಸರಿಯಾದ ಅರ್ತಿಂಗ್ ಇಲ್ಲದೆ ಒದ್ದೆ ಕೈ ತಾಗುವ ಜಾಗದಲ್ಲಿ ಅದನ್ನು ಹಾಕಿಸಲೇಬಾರದು.

ಎಸಿ ಇರುವ ಮನೆಯಲ್ಲಿ ಇದಕ್ಕಿಂತ ಸುಲಭದ ದಾರಿ ಇದೆ. ಎಸಿ ಗಾಳಿಯ ನೀರನ್ನೇ ತೆಗೆದು ಹೊರಗೆ ಸುರಿಯುತ್ತದೆ. 25 ಡಿಗ್ರಿಯಲ್ಲಿ ತೇವ ಶೇ. 55ಕ್ಕೆ ಇಳಿದರೆ ಘನ ಮೀಟರಿಗೆ ಹತ್ತು ಗ್ರಾಂ ಜಾಗ ಸಿಗುತ್ತದೆ, ಬಾತ್‌ರೂಮಿನ ನಾಲ್ಕು ಪಟ್ಟು. ಸಂಜೆ ಸ್ನಾನದ ಟವೆಲನ್ನು ಎಸಿ ಕೋಣೆಯ ಸ್ಟ್ಯಾಂಡಿನಲ್ಲಿ ಬಿಡಿಸಿ ಹಾಕಿದರೆ ಬೆಳಗಾಗುವುದರೊಳಗೆ ಗರಿಗರಿ.

ಯಾವ ರ‍್ಯಾಕಿನಲ್ಲಿ ಬಟ್ಟೆ ಬಿಡಿಸಿಕೊಳ್ಳುತ್ತದೆ

ಜಾಗ ಗೊತ್ತಾದ ಮೇಲೆ ರ‍್ಯಾಕ್ ಆರಿಸುವುದು ಕಷ್ಟವಲ್ಲ. ನೋಡಬೇಕಾದ್ದು ಒಂದೇ, ಟವೆಲಿನ ಎರಡೂ ಮೈಗೆ ಗಾಳಿ ತಾಗುತ್ತದೆಯೇ ಎಂದು.

ಬಿಲ್ಡರುಗಳು ಹಾಕಿಕೊಡುವುದು ಸಾಮಾನ್ಯವಾಗಿ ಎರಡು ಅಡಿಯ ಒಂಟಿ ಸರಳು. 60 ಸೆಂ.ಮೀ. ಸರಳಿಗೆ 70 ಸೆಂ.ಮೀ. ಟವೆಲ್ ಹರಡುವುದಿಲ್ಲ, ಅಂಚು ನೆರಿಗೆ ಬೀಳುತ್ತದೆ. ಮಡಚಿ ಇಳಿಬಿಟ್ಟ ಎರಡು ಪದರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂದರೆ ಟವೆಲಿನ ಅರ್ಧ ಮೈ ಗಾಳಿಯನ್ನೇ ಕಾಣುವುದಿಲ್ಲ. ಇದರ ಪರಿಹಾರ ಎರಡು ಸರಳಿನ ರ‍್ಯಾಕ್, ಬಳಸುವ ರೀತಿ ಮಾತ್ರ ಬೇರೆ. ಒಂದೊಂದು ಸರಳಿಗೆ ಒಂದೊಂದು ಟವೆಲ್ ಅಲ್ಲ, ಎರಡೂ ಸರಳುಗಳ ಮೇಲೆ ಒಂದೇ ಟವೆಲನ್ನು ಡೇರೆಯ ಹಾಗೆ ಹಾಯಿಸಬೇಕು. ಸರಳುಗಳ ನಡುವೆ ಎಂಟು ಹತ್ತು ಸೆಂಟಿಮೀಟರ್ ಅಂತರವಿದ್ದರೆ ಪದರಗಳ ನಡುವೆ ಗಾಳಿ ಕೆಳಗಿನಿಂದ ಮೇಲಕ್ಕೆ ಹಾಯುತ್ತದೆ. ಸಂಜೆ ಬೆರಳಿಗೆ ತಣ್ಣಗೆ ಸಿಕ್ಕಿದ ಆ ಮಡಿಕೆಯೇ ಆಗ ಇರುವುದಿಲ್ಲ.

ರಿಂಗು ಮತ್ತು ಕೊಕ್ಕೆಗಳಲ್ಲಿ ಟವೆಲ್ ಮುದ್ದೆಯಾಗಿ ಇಳಿಯುತ್ತದೆ. ಬೈರಾಸಿನಂಥ ತೆಳು ಬಟ್ಟೆಗೆ ಬೇಸಿಗೆಯಲ್ಲಿ ಪರವಾಗಿಲ್ಲ, ದಪ್ಪ ಟವೆಲಿಗೆ ಯಾವ ಕಾಲಕ್ಕೂ ಬೇಡ. ಹೋಟೆಲಿನಲ್ಲಿ ಕಾಣುವಂಥ, ಮೇಲೆ ತಟ್ಟೆಯಿರುವ ರ‍್ಯಾಕ್ ನೋಡಲು ಚೆಂದ. ಆದರೆ ಆ ತಟ್ಟೆಯಲ್ಲಿ ಮಡಚಿಟ್ಟ ಒಗೆದ ಟವೆಲುಗಳು ಪ್ರತಿ ಸ್ನಾನದ ಹಬೆಯನ್ನೂ ಹೀರುತ್ತವೆ, ವಾರದೊಳಗೆ ಮುಟ್ಟದ ಟವೆಲಿಗೂ ಮುಗ್ಗಲು. ತಿರುಗುವ ಕೈಗಳ ರ‍್ಯಾಕ್ ಸಣ್ಣ ಜಾಗಕ್ಕೆ ಒಳ್ಳೆಯದು, ಕೈಗಳನ್ನು ಬೀಸಣಿಗೆಯಂತೆ ಬಿಡಿಸಿಟ್ಟರೆ ಮಾತ್ರ.

ಸೀಲಿಂಗಿಗೆ ಹಾಕಿಸಿ ಹಗ್ಗದಿಂದ ಇಳಿಸಿ ಏರಿಸುವ ರಾಟೆ ಹ್ಯಾಂಗರ್ ನಮ್ಮ ಹವೆಗೆ ಎಲ್ಲಕ್ಕಿಂತ ಹೊಂದುತ್ತದೆ. ಪ್ರತಿ ಸರಳೂ ನಾಲ್ಕೈದು ಅಡಿ ಉದ್ದ, ಟವೆಲ್ ಪೂರ್ತಿ ಬಿಡಿಸಿಕೊಳ್ಳುತ್ತದೆ, ಮೇಲ್ಗಡೆಯ ಗಾಳಿ ಕೊಂಚ ಬೆಚ್ಚಗೂ ಇರುತ್ತದೆ. ಆರು ಸರಳುಗಳಿದ್ದರೆ ಒಂದು ಬಿಟ್ಟು ಒಂದು ಬಳಸಿ, ಅಥವಾ ಪಕ್ಕಪಕ್ಕದ ಎರಡರ ಮೇಲೆ ಒಂದೇ ಟವೆಲ್ ಹಾಯಿಸಿ. ಸೀಲಿಂಗ್ ಫ್ಯಾನಿನ ರೆಕ್ಕೆಗಳಿಂದ ದೂರ, ಆದರೆ ಅದರ ಗಾಳಿ ತಾಗುವ ಹಾಗೆ ಜಾಗ ನೋಡಿ ಕಟ್ಟಿಸಬೇಕು.

ಗೋಡೆಗೆ ಹಾಕಿಸುವುದಿದ್ದರೆ ಸರಳಿಗೂ ಗೋಡೆಗೂ ಏಳೆಂಟು ಸೆಂಟಿಮೀಟರ್ ಅಂತರ ಬಿಡಿಸಿ, ಇಲ್ಲದಿದ್ದರೆ ಹಿಂದಿನ ಪದರ ತಣ್ಣನೆಯ ಟೈಲಿಗೆ ಅಂಟಿಕೊಳ್ಳುತ್ತದೆ. ಮುರಕಲ್ಲಿನ ಗೋಡೆಯಾದರೆ ಡಬ್ಬಿಯಲ್ಲಿ ಬರುವ ಗಿಡ್ಡ ಪ್ಲಗ್ಗು ಸ್ಕ್ರೂಗಳು ಗಟ್ಟಿ ಹಿಡಿಯುವುದಿಲ್ಲ, ಉದ್ದದವನ್ನೇ ಹಾಕಿಸಬೇಕು. ಸ್ಟೀಲಿನ ಬಗ್ಗೆಯೂ ಎಚ್ಚರ ಬೇಕು. ಅಗ್ಗದ 202 ಸ್ಟೀಲಿಗೆ ಉಳ್ಳಾಲ, ಪಣಂಬೂರು, ಮಲ್ಪೆಯಂಥ ಕಡಲ ಬದಿಯ ಉಪ್ಪುಗಾಳಿ ತಾಳುವುದಿಲ್ಲ, ತುಕ್ಕಿನ ಗೆರೆ ಟವೆಲಿಗೆ ಬಿದ್ದರೆ ಹೋಗುವುದೂ ಇಲ್ಲ. 304 ಗ್ರೇಡ್ ಕೇಳಿ ತೆಗೆದುಕೊಳ್ಳಿ. ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು ತೋರಿಸಿದರೆ ನಂಬಬೇಡಿ, 202 ಆಗಲಿ 304 ಆಗಲಿ ಎರಡೂ ಅದಕ್ಕೆ ಅಂಟುವುದಿಲ್ಲ. ಸರಳು ಒಳ್ಳೆಯದಾಗಿದ್ದೂ ಸ್ಕ್ರೂ ಮಾತ್ರ ಕಬ್ಬಿಣದ್ದಾಗಿರುವುದು ಸಾಮಾನ್ಯ, ಅದನ್ನೂ ಸ್ಟೀಲಿನದ್ದಕ್ಕೆ ಬದಲಿಸಿ.

ಕಾಲೊರಸಿನ ಕಷ್ಟ

ಬಾತ್‌ರೂಮಿನ ಬಾಗಿಲಲ್ಲಿ ಹಾಕುವ ಕಾಲೊರಸು ಟವೆಲಿಗಿಂತ ಬೇಗ ಕೆಡುತ್ತದೆ, ಏಕೆಂದರೆ ಅದರ ಒಂದು ಮೈ ಯಾವಾಗಲೂ ನೆಲಕ್ಕೆ ಒತ್ತಿಕೊಂಡಿರುತ್ತದೆ. ಜಾರದಿರಲೆಂದು ಅಡಿಗೆ ರಬ್ಬರ್ ಅಂಟಿಸಿದ ಮ್ಯಾಟಿನಲ್ಲಿ ನೀರಿಗೆ ಮೇಲ್ಮುಖದ ದಾರಿ ಒಂದೇ, ಅದನ್ನೂ ಮುಂದಿನವರ ಒದ್ದೆ ಕಾಲು ಮುಚ್ಚುತ್ತದೆ. ಎತ್ತಿ ತಿರುಗಿಸಿದರೆ ರಬ್ಬರಿನ ಅಂಚಿನಲ್ಲಿ ಕಪ್ಪು ಚುಕ್ಕೆಗಳು ಕಾಣುತ್ತವೆ. ಅದು ಕೊಳೆಯಲ್ಲ, ಬೂಷ್ಟು. ಸ್ಪಂಜು ತುಂಬಿದ ಮೆತ್ತನೆಯ ಮ್ಯಾಟ್ ಇನ್ನೂ ಕಷ್ಟ, ಒಳಗಿನ ಸ್ಪಂಜು ಮಳೆಗಾಲವಿಡೀ ಒಣಗುವುದೇ ಇಲ್ಲ. ಅಂಥದ್ದನ್ನು ಮೇ ತಿಂಗಳಲ್ಲೇ ಒಗೆದು ಬಿಸಿಲಿಗೆ ಒಣಗಿಸಿ ಎತ್ತಿಡುವುದೇ ಮೇಲು.

ಮಳೆಗಾಲಕ್ಕೆ ಬೇಕಾದ್ದು ರಬ್ಬರಿಲ್ಲದ, ಕೈಯಲ್ಲಿ ಹಿಂಡಬಹುದಾದಷ್ಟು ತೆಳುವಿನ ಹತ್ತಿ ಕಾಲೊರಸು, ಒಂದಲ್ಲ, ಮೂರು. ಒಂದು ನೆಲದಲ್ಲಿ, ಒಂದು ಸರಳಿನ ಮೇಲೆ, ಒಂದು ಒಗೆಯುವ ಬುಟ್ಟಿಯಲ್ಲಿ. ಬೆಳಗಿನ ಕೊನೆಯ ಸ್ನಾನ ಮುಗಿದ ಕೂಡಲೇ ನೆಲದ್ದನ್ನು ಎತ್ತಿ ಎರಡು ಸರಳಿನ ಮೇಲೆ ಹಾಯಿಸಬೇಕು, ಅಡಿಯ ನೆಲವನ್ನೂ ವೈಪರಿನಿಂದ ಎಳೆದು ಒಣಗಿಸಬೇಕು. ಬುಟ್ಟಿಗೆ ಹಾಕುವ ಮೊದಲೂ ಮ್ಯಾಟ್ ಒಣಗಿರಬೇಕು. ಚಂಡಿ ಕಾಲೊರಸನ್ನು ಬುಟ್ಟಿಯ ತಳಕ್ಕೆ ಹಾಕಿದರೆ ಅದರ ಮೇಲಿನ ಬಟ್ಟೆಗೆಲ್ಲ ವಾಸನೆ ಏರುತ್ತದೆ. ಜಾರುವ ಭಯವಿದ್ದರೆ ಕೆಳಗೆ ತೂತುಗಳಿರುವ ರಬ್ಬರ್ ಜಾಲಿಯನ್ನು ಬೇರೆಯಾಗಿ ಹಾಕಿ, ಅದನ್ನು ನೀರಲ್ಲಿ ತೊಳೆದು ಕೊಡವಿದರೆ ಸಾಕು. ಮನೆಯಲ್ಲಿ ಹಿರಿಯರಿದ್ದರೆ ಈ ಜಾಲಿಯನ್ನು ಬಿಡಬೇಡಿ.

ಈಚೆಗೆ ಬಂದಿರುವ ಕಲ್ಲಿನಂಥ ಡಯಾಟಮೈಟ್ ಮ್ಯಾಟ್ ನೀರನ್ನು ಕ್ಷಣದಲ್ಲಿ ಹೀರುತ್ತದೆ, ಆದರೆ ಹೀರಿದ್ದನ್ನು ಬಿಟ್ಟುಕೊಡಲು ಅದಕ್ಕೂ ಒಣ ಗಾಳಿಯೇ ಬೇಕು. ದಿನವೂ ಗೋಡೆಗೆ ಒರಗಿಸಿ ನಿಲ್ಲಿಸದಿದ್ದರೆ ಅದೂ ನಾಲ್ಕು ದಿನಕ್ಕೆ ಹೀರುವುದನ್ನು ನಿಲ್ಲಿಸುತ್ತದೆ.

ವಾಸನೆ ಹತ್ತಿಯೇ ಬಿಟ್ಟಿದ್ದರೆ

ಮೊದಲೇ ನಾರುವ ಟವೆಲನ್ನು ತಣ್ಣೀರಲ್ಲಿ ಎಷ್ಟು ಸಲ ಒಗೆದರೂ ಬ್ಯಾಕ್ಟೀರಿಯಾ ಉಳಿಯುತ್ತದೆ. ಅದಕ್ಕೆ 60 ಡಿಗ್ರಿಯ ನೀರು ಬೇಕು. ಥರ್ಮಾಮೀಟರ್ ಇಲ್ಲದಿದ್ದರೂ ಅಂದಾಜು ಸಿಗುತ್ತದೆ: ಕುದಿಯುವ ನೀರು ಐದು ಲೀಟರ್, ನಲ್ಲಿ ನೀರು ಐದು ಲೀಟರ್ ಬೆರೆಸಿದರೆ ಬಕೆಟಿನಲ್ಲಿ 60ರ ಆಸುಪಾಸಿಗೆ ನಿಲ್ಲುತ್ತದೆ. ಅದರಲ್ಲಿ ಮೂರು ದೊಡ್ಡ ಚಮಚ ಆಕ್ಸಿಜನ್ ಬ್ಲೀಚ್ ಪುಡಿ ಕರಗಿಸಿ, ಎರಡು ಟವೆಲುಗಳನ್ನು ಕೋಲಿನಿಂದ ಅದ್ದಿ, ಮುಚ್ಚಳ ಹಾಕಿ ಅರ್ಧ ಗಂಟೆ ಬಿಡಿ. ಕೈ ಹಾಕಬೇಡಿ, ಸುಡುತ್ತದೆ. ಆಮೇಲೆ ಎಂದಿನಂತೆ ಒಗೆದು, ಮೆಷಿನ್ನಿನಲ್ಲಿ ಎರಡು ಸಲ ಸ್ಪಿನ್ ಮಾಡಿ. ರಬ್ಬರ್ ಅಡಿಯ ಮ್ಯಾಟಿಗೆ ಈ ಬಿಸಿ ಆಗದು, ರಬ್ಬರ್ ಬಿರಿಯುತ್ತದೆ. ಕ್ಲೋರಿನ್ ಇರುವ ಮಾಮೂಲಿ ಬ್ಲೀಚಿಂಗ್ ಪುಡಿಯನ್ನು ಬಾವಿ ನೀರಿನ ಮನೆಯವರು ಬಳಸದಿರುವುದು ಒಳ್ಳೆಯದು, ನೀರಲ್ಲಿ ಕಬ್ಬಿಣದಂಶವಿದ್ದರೆ ಬಿಳಿ ಟವೆಲ್ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಬಟ್ಟೆ ಮೃದುವಾಗಲೆಂದು ಹಾಕುವ ಕಂಡೀಷನರ್ ಟವೆಲಿಗೆ ಬೇಡವೇ ಬೇಡ. ಅದು ನೂಲಿನ ಮೇಲೆ ಜಿಡ್ಡಿನ ಪೊರೆ ಕಟ್ಟುತ್ತದೆ, ಟವೆಲ್ ನೀರು ಹೀರುವುದೂ ಕಡಿಮೆಯಾಗುತ್ತದೆ.

ಒಣಗಿತೇ ಎಂದು ತಿಳಿಯಲು ಮತ್ತೆ ತಕ್ಕಡಿಯನ್ನೇ ನಂಬಬಹುದು, ಆದರೆ ಅದರಲ್ಲೊಂದು ಸೂಕ್ಷ್ಮವಿದೆ. ಹತ್ತಿ ಗಾಳಿಯಿಂದಲೇ ತೇವ ಎಳೆದುಕೊಳ್ಳುತ್ತದೆ. ಶೇ. 65ರ ಆಸುಪಾಸಿನ ತೇವದ ಹವೆಯಲ್ಲಿ ಅದು ತನ್ನ ತೂಕದ ಶೇ. 7-8ರಷ್ಟು ನೀರು ಇಟ್ಟುಕೊಂಡರೆ, ಶೇ. 90 ತೇವದ ಹವೆಯಲ್ಲಿ ಅದರ ಇಮ್ಮಡಿಯ ಹತ್ತಿರ ಇಟ್ಟುಕೊಳ್ಳುತ್ತದೆ. ಆದ್ದರಿಂದ ಮಾರ್ಚಿನಲ್ಲಿ 440 ಗ್ರಾಂ ಇದ್ದ ಟವೆಲ್ ಜುಲೈಯಲ್ಲಿ ಎಷ್ಟು ಹೊತ್ತು ನೇತಾಡಿದರೂ 470ಕ್ಕಿಂತ ಕೆಳಗಿಳಿಯದೆ ಹೋಗಬಹುದು. ಸರಳಿನ ಮೇಲೆ ಅಷ್ಟು ತೇವದಿಂದ ತೊಂದರೆಯಿಲ್ಲ. ಅದೇ ಟವೆಲನ್ನು ಮಡಚಿ ಕಪಾಟಿನೊಳಗೆ ಒತ್ತಿ ಇಟ್ಟರೆ ಗಾಳಿಯಾಡದೆ ಬೂಷ್ಟು ಹಿಡಿಯುತ್ತದೆ. ಕಪಾಟಿಗೆ ಹೋಗುವ ಟವೆಲ್ ಎಸಿ ಕೋಣೆಯಲ್ಲಿ ಒಂದು ರಾತ್ರಿ ಕಳೆದಿರಬೇಕು, ಇಲ್ಲವೇ ಇಸ್ತ್ರಿಪೆಟ್ಟಿಗೆಯನ್ನು ಅಂಚುಗಳ ಮೇಲೆ ನಿಧಾನವಾಗಿ ಎಳೆದು, ಹಬೆ ಏಳುವುದು ನಿಂತ ಮೇಲೆ, ಬಿಸಿ ಆರಲು ಬಿಟ್ಟು ಮಡಚಬೇಕು. ಎರಡೂ ಆಗದಿದ್ದರೆ ಮಳೆಗಾಲದಲ್ಲಿ ದಪ್ಪ ಟವೆಲುಗಳನ್ನು ಒಬ್ಬೊಬ್ಬರಿಗೆ ಎರಡಕ್ಕೆ ಇಳಿಸಿ, ಅವನ್ನು ಮಡಚದೆ ಸರಳಿನಿಂದ ಸರಳಿಗೇ ಬಳಸಿ, ಉಳಿದದ್ದಕ್ಕೆ ಬೈರಾಸು ಇಟ್ಟುಕೊಳ್ಳಿ. ತೆಳುವಾದ ಬೈರಾಸಿನ ನೆಯ್ಗೆಯಲ್ಲಿ ನೀರು ಅಡಗುವ ಕುಣಿಕೆಗಳಿಲ್ಲ, ಹಿಂಡಿ ಫ್ಯಾನಿನ ಕೆಳಗೆ ಹರಡಿದರೆ ದಪ್ಪ ಟವೆಲಿಗಿಂತ ಎಷ್ಟೋ ಮೊದಲು ಒಣಗಿರುತ್ತದೆ.